ಉದ್ದದ ಪಿಪಿಟಿಗೆ ಅಜೆಂಡಾ ಸ್ಲೈಡ್ ಸಾಕಾ, ಡಿವೈಡರ್ ಬೇಕಾ?

ಅಡಿಕೆ ಬೆಳೆಗಾರರ ತರಬೇತಿಗೆ ಪಿಪಿಟಿ ಮಾಡುವವರು, ಕಾಲೇಜಲ್ಲಿ ಪಾಠ ಮಾಡುವವರು, ಸೊಸೈಟಿಯ ವಾರ್ಷಿಕ ಸಭೆಗೆ ಲೆಕ್ಕ ತೋರಿಸುವವರು, ಎಲ್ಲರೂ ನನ್ನ ಹತ್ತಿರ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಸ್ಲೈಡ್ ಐವತ್ತು ದಾಟಿದೆ, ನಡುವಲ್ಲಿ ಜನರಿಗೆ ಎಲ್ಲಿದ್ದೇವೆ ಅಂತ ಗೊತ್ತಾಗುವುದಿಲ್ಲ, ಶುರುವಲ್ಲಿ ಒಂದು ಅಜೆಂಡಾ ಸ್ಲೈಡ್ ಹಾಕಿದರೆ ಸಾಕಾ, ಇಲ್ಲ ಪ್ರತಿ ವಿಷಯದ ಮುಂದೂ ಒಂದು ಡಿವೈಡರ್ ಇಡಬೇಕಾ, ಎರಡೂ ಇಟ್ಟರೆ ಜಾಸ್ತಿ ಆಗುತ್ತಾ?

ನಾನು ಇದನ್ನು ಕಲಿತದ್ದು ತೀರ್ಥಹಳ್ಳಿ ಕಡೆಯ ಒಂದು ಸಭಾಭವನದಲ್ಲಿ. ಮೇ ಕೊನೆಯ ವಾರ. ಮಳೆ ಹಿಡಿಯುವ ಮೊದಲು ಅಡಿಕೆಗೆ ಬೋರ್ಡೋ ದ್ರಾವಣದ ಸಿಂಪಡಣೆ ಆಗಬೇಕು, ಹಾಗಾಗಿ ತರಬೇತಿಯೂ ಅದೇ ಹೊತ್ತಿಗೆ. ನನ್ನದು ಅಜೆಂಡಾ ಬಿಟ್ಟು 58 ಸ್ಲೈಡ್, ಎರಡೂವರೆ ಗಂಟೆ. ಶುರುವಲ್ಲಿ ಅಜೆಂಡಾ ತೋರಿಸಿದ್ದೆ, ಆಮೇಲೆ ಒಂದೇ ಸಮನೆ ಮಾತಾಡಿಕೊಂಡು ಹೋದೆ. ಕಷಾಯಕ್ಕೆ ಬಿಟ್ಟಾಗ ಹಿರಿಯರೊಬ್ಬರು ನೋಟ್‌ಬುಕ್ ಹಿಡಿದುಕೊಂಡು ಬಂದರು. "ತಮ್ಮಾ, ಇದು ಕೊಳೆಗಾ, ಎಲೆಚುಕ್ಕಿಗಾ?" ಅಂದರು. ನೋಡಿದರೆ ಮೇಲೆ ಕೊಳೆರೋಗ ಅಂತ ಬರೆದು ಅಡಿಗೆರೆ ಹಾಕಿದ್ದಾರೆ. ಅದರ ಕೆಳಗೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅಲ್ಲಿವರೆಗೆ ಸರಿ. ಅದರ ಕೆಳಗೇ, ಅದೇ ಪಟ್ಟಿಯಲ್ಲಿ, ಎಲೆಚುಕ್ಕಿಗೆ ಹೇಳಿದ ಔಷಧಿ. ಒಂದು ವಿಷಯ ಮುಗಿದು ಇನ್ನೊಂದು ಶುರುವಾದದ್ದು ಅವರಿಗೆ ಕಂಡೇ ಇರಲಿಲ್ಲ. ಕಾಣುವ ಹಾಗೆ ನಾನು ಏನನ್ನೂ ಇಟ್ಟಿರಲಿಲ್ಲ. ಎರಡೂ ಸಿಂಪಡಣೆಯ ಸ್ಲೈಡ್, ಎರಡಕ್ಕೂ ಹಸಿರು ತಲೆಬರಹ, ಎರಡರಲ್ಲೂ ಲೀಟರು ಗ್ರಾಮು. ಅವರು ಮನೆಗೆ ಹೋಗಿ, ಮರ ಹತ್ತಿ ಸಿಂಪಡಿಸುವ ಕೊನೆಗಾರನಿಗೆ ಆ ಪುಟ ತೋರಿಸುವವರು.

ಹಾಗಾಗಿ ಅಳತೆಗೋಲು ಮೊದಲು ಹೇಳುತ್ತೇನೆ, ಆಯ್ಕೆಗಳು ಆಮೇಲೆ.

ಯಾವುದನ್ನು ಇಟ್ಟು ಅಳೆಯಬೇಕು

ಮೊದಲನೆಯದು, ನಿಮ್ಮ ಜನ ಶುರುವಿಂದ ಕೊನೆವರೆಗೆ ಕೂತಿರುತ್ತಾರಾ? ನಮ್ಮ ಕಡೆ ಇದು ದೊಡ್ಡ ಪ್ರಶ್ನೆ. ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಬಸ್ಸು ಹತ್ತೂ ಕಾಲಿಗೆ ಬರುತ್ತದೆ, ಕೆಲವರು ಹಾಲು ಹಾಕಿ ಬರುತ್ತಾರೆ, ಕೆಲವರು ಫೋನ್ ಬಂತು ಅಂತ ಹೊರಗೆ ಹೋಗಿ ಸಿಗ್ನಲ್ ಹುಡುಕುತ್ತಾ ಹತ್ತು ನಿಮಿಷ ನಿಲ್ಲುತ್ತಾರೆ. ನಡುವೆ ಬಂದು ಕೂತವರು ಪರದೆ ನೋಡಿದಾಗ ಮೂರು ವಿಷಯ ತಿಳಿಯಬೇಕು: ಈಗ ಯಾವುದು ನಡೆಯುತ್ತಿದೆ, ಎಷ್ಟು ಮುಗಿದಿದೆ, ಇನ್ನೆಷ್ಟು ಇದೆ. ಮುಂದೆ ಪ್ರತಿ ಆಯ್ಕೆಯನ್ನೂ ಈ ಮೂರರ ಮೇಲೇ ನೋಡುತ್ತೇನೆ.

ಎರಡನೆಯದು, ಪಿಪಿಟಿಯನ್ನು ಜನ ನೋಡುತ್ತಾರಾ, ಓದುತ್ತಾರಾ? ಸಭೆಯಲ್ಲಿ ತೋರಿಸಿ ಮುಗಿಸುವುದು ಬೇರೆ, ಪಿಡಿಎಫ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕುವುದು ಬೇರೆ. ಎರಡನೆಯದರಲ್ಲಿ ನಡುವಿನ ಸ್ಲೈಡಿನ ಪಕ್ಕ ನಿಂತು ವಿವರಿಸಲು ನೀವು ಇರುವುದಿಲ್ಲ.

ಮೂರನೆಯದು, ನೀವು ಆ ಪಿಪಿಟಿಯನ್ನು ಎಷ್ಟು ಸಲ ತಿದ್ದುತ್ತೀರಿ? ಒಂದೇ ಸಲ ತೋರಿಸುವುದಾದರೆ ಹೇಗೆ ಮಾಡಿದರೂ ನಡೆಯುತ್ತದೆ. ಪ್ರತಿ ವರ್ಷ, ಪ್ರತಿ ಊರಿಗೆ ಒಂದೊಂದು ವಿಷಯ ಹಿಂದೆ ಮುಂದೆ ಮಾಡುವುದಾದರೆ ತಿದ್ದುವ ಕಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ, ತುಂಬಾ ಜನ ಕೇಳುತ್ತಾರೆ. ಪವರ್‌ಪಾಯಿಂಟಲ್ಲಿ ಎಡಗಡೆಯ ಚಿಕ್ಕ ಸ್ಲೈಡುಗಳ ನಡುವೆ ರೈಟ್ ಕ್ಲಿಕ್ ಮಾಡಿದರೆ `Add Section` ಅಂತ ಬರುತ್ತದಲ್ವಾ, ಅದು ನಿಮಗೆ ಮಾತ್ರ. ಸ್ಲೈಡುಗಳನ್ನು ಗುಂಪು ಮಾಡಿ ಒಟ್ಟಿಗೆ ಸರಿಸಲು, ಮಡಚಿಡಲು ಬಹಳ ಒಳ್ಳೆಯದು. ಆದರೆ ಎದುರು ಕೂತವರಿಗೆ ಅದು ಕಾಣುವುದಿಲ್ಲ. ಅದನ್ನು ಮಾಡಿ, ಆದರೆ ಅದನ್ನೇ ಡಿವೈಡರ್ ಅಂದುಕೊಳ್ಳಬೇಡಿ. ಇನ್ನೊಂದು, ನುಡಿಯ ಹಳೆಯ ಫಾಂಟಲ್ಲಿ ಟೈಪ್ ಮಾಡುವ ಅಭ್ಯಾಸ ಇದ್ದರೆ ಈ ಸೆಕ್ಷನ್ ಹೆಸರು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಯಾಕೆಂದರೆ ಅಲ್ಲಿ ನೀವು ಫಾಂಟ್ ಆರಿಸಲು ಆಗುವುದಿಲ್ಲ. ಯುನಿಕೋಡಲ್ಲಿ ಬರೆಯಿರಿ, ಸರಿಯಾಗುತ್ತದೆ.

ಶುರುವಲ್ಲಿ ಒಂದೇ ಅಜೆಂಡಾ

ಸುಲಭ. ಒಂದು ಸ್ಲೈಡ್, ಐದು ನಿಮಿಷದ ಕೆಲಸ. ಇಪ್ಪತ್ತು ಸ್ಲೈಡಿನ ಒಳಗೆ, ಅರ್ಧ ಗಂಟೆಯಲ್ಲಿ ಮುಗಿಯುವ ಮಾತಿಗೆ ಇದು ಸಾಕು, ಬೇರೇನೂ ಬೇಡ. ಅದಕ್ಕಿಂತ ಉದ್ದ ಆದರೆ ಇದರ ಕೊರತೆ ಕಾಣುತ್ತದೆ. ಎರಡನೇ ಸ್ಲೈಡಲ್ಲಿ ಓದಿದ ಪಟ್ಟಿ ಮೂವತ್ತನೇ ಸ್ಲೈಡಿನ ಹೊತ್ತಿಗೆ ಯಾರ ತಲೆಯಲ್ಲೂ ಇರುವುದಿಲ್ಲ, ತಡವಾಗಿ ಬಂದವರು ಅದನ್ನು ನೋಡಿಯೇ ಇರುವುದಿಲ್ಲ. ನಾನು ಹೇಳಿದ ಮೂರು ವಿಷಯದಲ್ಲಿ ಒಂದೂ ನಡುವಿನ ಸ್ಲೈಡಲ್ಲಿ ತಿಳಿಯುವುದಿಲ್ಲ.

ಇದನ್ನೇ ಆರಿಸಿದರೂ ಸಾಲುಗಳನ್ನು ಸರಿಯಾಗಿ ಬರೆಯಿರಿ. ಪರಿಚಯ, ವಿಷಯ ವಿವರಣೆ, ಮುಕ್ತಾಯ ಅಂತ ಬರೆದ ಅಜೆಂಡಾ ಯಾವ ಪಿಪಿಟಿಗೆ ಬೇಕಾದರೂ ಹೊಂದುತ್ತದೆ, ಅಂದರೆ ನಿಮ್ಮದಕ್ಕೆ ಏನೂ ಹೇಳುವುದಿಲ್ಲ. ಕೊಳೆರೋಗ, ಎಲೆಚುಕ್ಕಿ ಅಂತ ಬರೆದರೆ ಜನ ತಮಗೆ ಬೇಕಾದದ್ದು ಎಲ್ಲಿದೆ ಅಂತ ಕಾಯುತ್ತಾರೆ. ಸಾಲು ನಾಲ್ಕೋ ಐದೋ ಇರಲಿ. ಒಳವಿಷಯಗಳನ್ನೆಲ್ಲ ತುರುಕಿ ಹನ್ನೆರಡು ಸಾಲು ಮಾಡಿದರೆ ಹಿಂದಿನ ಬೆಂಚಿಗೆ ಓದಲು ಬರುವುದಿಲ್ಲ, ಓದಿದವರಿಗೆ ನೆನಪೂ ಉಳಿಯುವುದಿಲ್ಲ.

ಪ್ರತಿ ವಿಭಾಗಕ್ಕೂ ಡಿವೈಡರ್

ಒಂದು ವಿಭಾಗ ಮುಗಿದು ಇನ್ನೊಂದು ಶುರುವಾಗುವ ಕಡೆ ಪೂರ್ತಿ ಸ್ಲೈಡಿಗೆ ಒಂದೇ ತಲೆಬರಹ. ಪವರ್‌ಪಾಯಿಂಟಲ್ಲಿ ಇದಕ್ಕೆ `Section Header` ಅಂತ ಲೇಔಟ್ ಮೊದಲೇ ಇರುತ್ತದೆ. ಇದರ ಬಲ ಏನೆಂದರೆ ಗಡಿ ಕಣ್ಣಿಗೆ ಹೊಡೆಯುತ್ತದೆ. ಅಕ್ಷರ ತುಂಬಿದ ಹತ್ತು ಸ್ಲೈಡ್ ಆದಮೇಲೆ ಕಡುಬಣ್ಣದ ಖಾಲಿ ಸ್ಲೈಡಲ್ಲಿ ಒಂದೇ ಪದ ಬಂದರೆ ಬಗ್ಗಿ ಬರೆಯುತ್ತಿದ್ದವರೂ ತಲೆ ಎತ್ತುತ್ತಾರೆ. ಮಾತಾಡುವವರಿಗೂ ಉಸಿರು ತೆಗೆದುಕೊಳ್ಳಲು, ನೀರು ಕುಡಿಯಲು, ಪ್ರಶ್ನೆ ಇದೆಯಾ ಅಂತ ಕೇಳಲು ಒಂದು ಜಾಗ ಸಿಗುತ್ತದೆ.

ಡಿವೈಡರಲ್ಲಿ ಚಿತ್ರ ಹಾಕುವುದು ನಮ್ಮ ಕೆಲಸಕ್ಕೆ ತುಂಬಾ ಉಪಯೋಗ. ಕೊಳೆ ಬಂದ ಅಡಿಕೆ ಗೊನೆಯ ದೊಡ್ಡ ಫೋಟೋ ಒಂದು ಕಡೆ, ಚುಕ್ಕಿ ಬಿದ್ದ ಸೋಗೆಯ ಫೋಟೋ ಇನ್ನೊಂದು ಕಡೆ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರಿಗೂ ವಿಷಯ ಬದಲಾಯಿತು ಅಂತ ತಕ್ಷಣ ಗೊತ್ತಾಗುತ್ತದೆ. ಆದರೆ ಫೋಟೋ ಮಾತ್ರ ಹಾಕಿ ಹೆಸರು ಬಿಡಬೇಡಿ, ಮತ್ತು ಅಜೆಂಡಾದಲ್ಲಿ ಬರೆದ ಹೆಸರನ್ನೇ ಇಲ್ಲೂ ಬರೆಯಿರಿ. ಅಲ್ಲಿ ಎಲೆಚುಕ್ಕಿ ಅಂತ ಬರೆದು ಇಲ್ಲಿ ಪರ್ಣರೋಗಗಳ ನಿರ್ವಹಣೆ ಅಂತ ಬರೆದರೆ ಎರಡೂ ಒಂದೇ ಅಂತ ಕೇಳುವವರಿಗೆ ಹೇಗೆ ಗೊತ್ತಾಗಬೇಕು?

ಕೊರತೆ ಏನು? ಡಿವೈಡರ್ ಈಗ ಯಾವುದು ಅಂತ ಹೇಳುತ್ತದೆ, ಎಷ್ಟು ಮುಗಿಯಿತು, ಎಷ್ಟು ಉಳಿಯಿತು ಅಂತ ಹೇಳುವುದಿಲ್ಲ. ಮೂಲೆಯಲ್ಲಿ 4ರಲ್ಲಿ 3 ಅಂತ ಬರೆದರೆ ಅರ್ಧ ಸರಿಹೋಗುತ್ತದೆ, ಆದರೆ ನಾಲ್ಕನೆಯದು ಏನು ಅಂತ ಆಗಲೂ ತಿಳಿಯುವುದಿಲ್ಲ. ನನ್ನ ಅನುಭವದಲ್ಲಿ ಬಾಗಿಲು ಹಾಕಿ ನಡೆಯುವ ತರಗತಿಗೆ, ಎಲ್ಲರೂ ಶುರುವಿಂದ ಕೂತಿರುವ ಪಾಠಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಬಂದು ಹೋಗುವ ಜನಕ್ಕೆ ಇದೊಂದೇ ಸಾಲದು.

ಮತ್ತೆ ಮತ್ತೆ ಬರುವ ಅಜೆಂಡಾ

ಆ ನೋಟ್‌ಬುಕ್ ನೋಡಿದ ಮೇಲೆ ನಾನು ಹಿಡಿದದ್ದು ಇದನ್ನು. ಶುರುವಲ್ಲಿ ತೋರಿಸಿದ ಪಟ್ಟಿಯೇ ಪ್ರತಿ ವಿಭಾಗದ ಮುಂದೆ ವಾಪಸ್ ಬರುತ್ತದೆ, ಈಗ ಶುರುವಾಗುವ ಸಾಲಿಗೆ ಮಾತ್ರ ಗುರುತು. ಡಿವೈಡರಿನ ಕೆಲಸವೂ ಆಯಿತು, ಮೂರು ವಿಷಯವೂ ಒಂದೇ ಸ್ಲೈಡಲ್ಲಿ ತಿಳಿಯುತ್ತದೆ. ತಡವಾಗಿ ಬಂದವರಿಗೆ ಮುಂದಿನ ಗಡಿಯಲ್ಲಿ ಎಲ್ಲಾ ಗೊತ್ತಾಗುತ್ತದೆ.

ಇದಕ್ಕೆ ಹೋಗುವ ಸಮಯ ಎಷ್ಟು ಅಂತ ಕೇಳಿದರೆ, ಪ್ರತಿ ಸಲ ಇಪ್ಪತ್ತು ಸೆಕೆಂಡ್. "ಕೊಳೆರೋಗ ಇಲ್ಲಿಗೆ ಮುಗಿಯಿತು, ಬರೆದುಕೊಂಡವರು ಒಂದು ಗೆರೆ ಎಳೆಯಿರಿ, ಈಗ ಎಲೆಚುಕ್ಕಿ" ಅಂತ ನಾನು ಬಾಯಿಬಿಟ್ಟು ಹೇಳುತ್ತೇನೆ. ಹೇಳದೆ ಸುಮ್ನೆ ಕ್ಲಿಕ್ ಮಾಡಿ ದಾಟಿಸಿದರೆ ಈ ಸ್ಲೈಡ್ ಇದ್ದೂ ಇಲ್ಲದ ಹಾಗೆ.

ಕಷ್ಟ ಬರುವುದು ತಿದ್ದುವಾಗ. ಅಜೆಂಡಾ ಸ್ಲೈಡನ್ನು ನಾಲ್ಕು ಸಲ ಕಾಪಿ ಮಾಡಿ ಇಟ್ಟಿರುತ್ತೀರಿ. ಒಂದು ಹೆಸರು ಬದಲಾಯಿಸಿದರೆ ನಾಲ್ಕು ಕಡೆ ಬದಲಾಯಿಸಬೇಕು, ಒಂದು ಕಡೆ ಮರೆತೇ ಮರೆಯುತ್ತೀರಿ. ಸಭೆಯಲ್ಲಿ ಪಟ್ಟಿ ಒಂದೊಂದು ಸಲ ಒಂದೊಂದು ಥರ ಕಂಡರೆ ಜನಕ್ಕೆ ಇದ್ದ ದಾರಿಯೂ ತಪ್ಪುತ್ತದೆ. ಇದಕ್ಕೆ ಒಂದು ಉಪಾಯ ಇದೆ. `View` > `Slide Master` ಗೆ ಹೋಗಿ, `Insert Layout` ಒತ್ತಿ, ಹೊಸ ಲೇಔಟಿಗೆ ಅಜೆಂಡಾ ಅಂತ ಹೆಸರು ಕೊಡಿ. ಪಟ್ಟಿಯನ್ನು ಒಂದು ಟೆಕ್ಸ್ಟ್ ಬಾಕ್ಸಲ್ಲಿ ಅಲ್ಲೇ ಬರೆಯಿರಿ. ಹೊರಗೆ ಬಂದು ಆ ಲೇಔಟಿನ ಸ್ಲೈಡುಗಳನ್ನು ಬೇಕಾದ ಕಡೆ ಹಾಕಿ, ಪ್ರತಿಯೊಂದರಲ್ಲೂ ಈಗಿನ ಸಾಲಿನ ಸುತ್ತ ದಪ್ಪ ಗೆರೆಯ ಚೌಕ ಎಳೆಯಿರಿ, ಒಳಗೆ ಬಣ್ಣ ತುಂಬಬೇಡಿ. ಈಗ ಹೆಸರು ಬದಲಾದರೆ ಮಾಸ್ಟರಲ್ಲಿ ಒಂದು ಸಲ ತಿದ್ದಿದರೆ ಮುಗಿಯಿತು. ವಿಷಯಗಳ ಕ್ರಮ ಬದಲಾದರೆ ಮಾತ್ರ ಚೌಕಗಳನ್ನು ನೀವೇ ಸರಿಸಬೇಕು, ಅದು ತಾನಾಗಿ ಸರಿಯುವುದಿಲ್ಲ.

ಈ ಉಪಾಯಕ್ಕೆ ಒಂದು ಮಿತಿಯೂ ಇದೆ. ಲೇಔಟಲ್ಲಿ ಬರೆದ ಅಕ್ಷರ ಆ ಸ್ಲೈಡಿನ ಸ್ವಂತ ಅಕ್ಷರ ಅಲ್ಲ, ಹಾಗಾಗಿ `Outline View` ನಲ್ಲಿ ಕಾಣುವುದಿಲ್ಲ. ಅದಕ್ಕೆ ತಲೆಬರಹದ ಜಾಗದಲ್ಲಿ ಆಯಾ ವಿಭಾಗದ ಹೆಸರನ್ನು ಟೈಪ್ ಮಾಡಿಬಿಡಿ. ಔಟ್‌ಲೈನಿಗೂ ಆಗುತ್ತದೆ, ಹಿಂದಿನವರಿಗೆ ದೊಡ್ಡ ಅಕ್ಷರದಲ್ಲಿ ಹೆಸರೂ ಕಾಣುತ್ತದೆ.

ಗುರುತು ಹಾಕುವುದರಲ್ಲಿ ನಾನು ಮೊದಲು ಮಾಡಿದ ತಪ್ಪು, ಉಳಿದ ಸಾಲುಗಳನ್ನು ತಿಳಿ ಬೂದು ಮಾಡಿದ್ದು. ಲ್ಯಾಪ್‌ಟಾಪಲ್ಲಿ ಚಂದ ಕಾಣುತ್ತಿತ್ತು. ಕಿಟಕಿಗೆ ಪರದೆ ಇಲ್ಲದ ಸಭಾಭವನದಲ್ಲಿ, ಹಳೇ ಪ್ರೊಜೆಕ್ಟರಲ್ಲಿ, ಆ ಸಾಲುಗಳು ಮಾಯವಾದವು, ಪಟ್ಟಿಯಲ್ಲಿ ಒಂದೇ ಸಾಲು ಉಳಿಯಿತು. ಬಣ್ಣ ಮಾತ್ರ ಬದಲಾಯಿಸುವುದೂ ಬೇಡ, ಕೆಂಪು ಹಸಿರು ಬೇರೆ ಮಾಡಿ ಕಾಣದವರು ಎಲ್ಲಾ ಕಡೆ ಇರುತ್ತಾರೆ. ಎಲ್ಲಾ ಸಾಲೂ ಕಪ್ಪಲ್ಲೇ ಇರಲಿ, ಈಗಿನದಕ್ಕೆ ಚೌಕವೋ ಬಾಣವೋ ಇರಲಿ. ಜನ ಬರುವ ಮೊದಲು ಕೊನೇ ಸಾಲಿನ ಕುರ್ಚಿಯಲ್ಲಿ ಹೋಗಿ ಕೂತು ಒಮ್ಮೆ ನೋಡಿ.

ಸ್ಲೈಡಿನ ಅಂಚಲ್ಲಿ ಪಟ್ಟಿ

ಪ್ರತಿ ಸ್ಲೈಡಿನ ಮೇಲಂಚಲ್ಲಿ ನಾಲ್ಕು ವಿಭಾಗದ ಹೆಸರು ಸಣ್ಣಗೆ, ಈಗಿನದು ದಪ್ಪ ಅಕ್ಷರದಲ್ಲಿ. ಕಾಗದದ ಮೇಲೆ ಇದು ಎಲ್ಲದಕ್ಕಿಂತ ಒಳ್ಳೆಯದು ಅನಿಸುತ್ತದೆ, ಯಾಕೆಂದರೆ ಯಾವ ಸ್ಲೈಡ್ ನೋಡಿದರೂ ಎಲ್ಲಿದ್ದೇವೆ ಅಂತ ಇದೆ. ಆದರೆ ಸಭೆಯಲ್ಲಿ ಆ ಸಣ್ಣ ಅಕ್ಷರ ಮೂರನೇ ಸಾಲಿನಿಂದ ಹಿಂದಕ್ಕೆ ಓದಲು ಬರುವುದಿಲ್ಲ. ಓದಲು ಬರುವಷ್ಟು ದೊಡ್ಡದು ಮಾಡಿದರೆ ಸ್ಲೈಡಿನ ಜಾಗ ತಿನ್ನುತ್ತದೆ. ಸದಾ ಒಂದೇ ಕಡೆ ಇರುವುದರಿಂದ ಸ್ವಲ್ಪ ಹೊತ್ತಿಗೆ ಯಾರೂ ಅದನ್ನು ನೋಡುವುದೂ ಇಲ್ಲ, ಅದು ಬದಲಾದದ್ದು ಯಾರ ಗಮನಕ್ಕೂ ಬರುವುದಿಲ್ಲ.

ಓದುವ ಪಿಪಿಟಿಗೆ ಮಾತ್ರ ಲೆಕ್ಕ ತಿರುಗುತ್ತದೆ. ವಾಟ್ಸಾಪಲ್ಲಿ ಬಂದ ಪಿಡಿಎಫಿನ 40ನೇ ಪುಟದ ಸ್ಕ್ರೀನ್‌ಶಾಟ್ ಒಬ್ಬರು ಇನ್ನೊಬ್ಬರಿಗೆ ಕಳಿಸುತ್ತಾರೆ. ಅಲ್ಲಿ ಅಜೆಂಡಾ ಇಲ್ಲ, ಡಿವೈಡರ್ ಇಲ್ಲ, ಇರುವುದು ಆ ಒಂದು ಪುಟ. ಔಷಧಿಯ ಪ್ರಮಾಣ ಇರುವ ಪುಟ ಅದಾಗಿದ್ದರೆ, ಅದು ಯಾವ ರೋಗಕ್ಕೆ ಅಂತ ಆ ಪುಟದಲ್ಲೇ ಬರೆದಿರಬೇಕು. ಹಾಗಾಗಿ ಪಿಡಿಎಫ್ ಹಂಚುವುದು ಖಚಿತ ಅಂದರೆ ನಾನು ಪೂರ್ತಿ ಪಟ್ಟಿ ಬಿಟ್ಟು, ಮೂಲೆಯಲ್ಲಿ ವಿಭಾಗದ ಹೆಸರು ಒಂದನ್ನೇ ಹಾಕುತ್ತೇನೆ. ಪ್ರತಿ ವಿಭಾಗಕ್ಕೆ ಮಾಸ್ಟರಲ್ಲಿ ಒಂದೊಂದು ಲೇಔಟ್ ಮಾಡಿಕೊಂಡರೆ ಐವತ್ತು ಸ್ಲೈಡಿಗೆ ಕೈಯಲ್ಲಿ ಬರೆಯುವ ಕೆಲಸ ತಪ್ಪುತ್ತದೆ. ಒಂದು ಎಚ್ಚರ: ಒಂದು ಸ್ಲೈಡನ್ನು ಒಂದು ವಿಭಾಗದಿಂದ ಇನ್ನೊಂದಕ್ಕೆ ಎಳೆದು ಹಾಕಿದರೆ ಅದರ ಲೇಔಟ್ ಹಳೆಯದೇ ಇರುತ್ತದೆ. ಎಲೆಚುಕ್ಕಿಯ ಸ್ಲೈಡಿನ ಮೂಲೆಯಲ್ಲಿ ಕೊಳೆರೋಗ ಅಂತ ಉಳಿದುಬಿಟ್ಟರೆ ಏನೂ ಬರೆಯದೆ ಇರುವುದಕ್ಕಿಂತ ಕೆಟ್ಟದ್ದು.

ಒತ್ತಿದರೆ ಹಾರುವ ಅಜೆಂಡಾ, ಮತ್ತು ಗೋಡೆಯ ಮೇಲಿನ ಅಜೆಂಡಾ

`Insert` > `Zoom` > `Summary Zoom` ಅಂತ ಒಂದು ಸೌಲಭ್ಯ ಇದೆ, ಪವರ್‌ಪಾಯಿಂಟ್ 2019 ಅಥವಾ ಅದರ ನಂತರದ್ದು, ಇಲ್ಲವೇ ಮೈಕ್ರೋಸಾಫ್ಟ್ 365 ಬೇಕು. ಪ್ರತಿ ವಿಭಾಗದ ಚಿಕ್ಕ ಚಿತ್ರ ಒಂದೇ ಸ್ಲೈಡಲ್ಲಿ ಬರುತ್ತದೆ, ಒತ್ತಿದರೆ ಆ ವಿಭಾಗಕ್ಕೆ ಹೋಗುತ್ತದೆ, ಮುಗಿದ ಮೇಲೆ ವಾಪಸ್ ಅದೇ ಸ್ಲೈಡಿಗೆ ಬರುತ್ತದೆ. ಮೊದಲು ಯಾವುದು ಬೇಕು ಅಂತ ಜನರನ್ನೇ ಕೇಳಿ ಆ ಕ್ರಮದಲ್ಲಿ ಹೋಗುವವರಿಗೆ ಇದು ಚೆನ್ನ. ಆದರೆ ಎಲ್ಲೆಲ್ಲೋ ಹೋಗಿ ಅವರ ಕಂಪ್ಯೂಟರಲ್ಲಿ ಓಡಿಸುವವರು ಇದನ್ನು ನಂಬಬೇಡಿ, ಅಲ್ಲಿ ಯಾವ ವರ್ಷದ ಪವರ್‌ಪಾಯಿಂಟ್ ಇರುತ್ತದೋ ಗೊತ್ತಿರುವುದಿಲ್ಲ. ಹಳೆಯದರಲ್ಲೂ ನಡೆಯುವುದು ಸಾದಾ ಲಿಂಕ್: ಸಾಲನ್ನು ಆರಿಸಿ, ಲಿಂಕ್ ಹಾಕುವಾಗ `Place in This Document` ಅಂತ ಕೊಟ್ಟು ಸ್ಲೈಡ್ ತೋರಿಸಿದರೆ ಆಯಿತು.

ಏನೂ ಖರ್ಚಿಲ್ಲದ ಆಯ್ಕೆ ಡ್ರಾಯಿಂಗ್ ಶೀಟ್. ನಾಲ್ಕು ವಿಷಯವನ್ನು ಮಾರ್ಕರಲ್ಲಿ ದೊಡ್ಡದಾಗಿ ಬರೆದು ಪರದೆಯ ಪಕ್ಕದ ಗೋಡೆಗೆ ಅಂಟಿಸಿ, ಒಂದೊಂದು ಮುಗಿದ ಹಾಗೆ ಟಿಕ್ ಹಾಕಿ. ಎಲ್ಲಾ ಹೊತ್ತೂ ಕಣ್ಣೆದುರೇ ಇರುತ್ತದೆ. ಮುಂಗಾರಿನ ಮೊದಲ ಗಾಳಿಮಳೆಗೆ ಕರೆಂಟ್ ಹೋದರೂ ಅದು ಹೋಗುವುದಿಲ್ಲ, ಕತ್ತಲೆ ಪರದೆಯ ಪಕ್ಕ ನಿಂತು ಮಾತು ಮುಂದುವರಿಸಬಹುದು. ನಲವತ್ತು ಐವತ್ತು ಜನರ ಸಭೆಗೆ ನಾನು ಇದನ್ನು ಮನಸಾರೆ ಹೇಳುತ್ತೇನೆ. ಇನ್ನೂರು ಜನರ ಸಭಾಭವನಕ್ಕೆ ಆಗುವುದಿಲ್ಲ.

ಆ 58 ಸ್ಲೈಡನ್ನು ನಾನು ಹೇಗೆ ಸರಿಮಾಡಿದೆ

ಮರುವರ್ಷದ ತರಬೇತಿಗೆ ಮೊದಲು ಎಣಿಸಿದೆ. ಹೆಸರಿನ ಸ್ಲೈಡ್ 1. ಬಸಿಗಾಲುವೆ ಮತ್ತು ಮಣ್ಣು 11, ಕೊಳೆರೋಗ 18, ಎಲೆಚುಕ್ಕಿ 14, ಕೊಯ್ಲು ಮತ್ತು ಬೇಯಿಸುವುದು 12. ಕೊನೆಗೆ ಪ್ರಶ್ನೆ ಮತ್ತು ಫೋನ್ ನಂಬರಿಗೆ 2. ಜನ ಬಂದು ಹೋಗುವವರು, ಹಾಗಾಗಿ ಮತ್ತೆ ಮತ್ತೆ ಬರುವ ಅಜೆಂಡಾ. ಕನ್ನಡಕದ ಸಮಸ್ಯೆ ಇರುವವರು ಜಾಸ್ತಿ, ಹಾಗಾಗಿ ಪಟ್ಟಿ ಎಡಕ್ಕೆ, ಬಲಗಡೆ ಅರ್ಧಕ್ಕೆ ಆ ವಿಭಾಗದ ಫೋಟೋ. ಪಿಡಿಎಫ್ ಗ್ರೂಪಿಗೆ ಹೋಗುತ್ತದೆ, ಹಾಗಾಗಿ ಮೂಲೆಯಲ್ಲಿ ವಿಭಾಗದ ಹೆಸರು.

ಮೊದಲ ಅಜೆಂಡಾ ಎರಡನೇ ಸ್ಲೈಡಲ್ಲಿ. ಅಲ್ಲಿ ಪಟ್ಟಿ ಪೂರ್ತಿ ಓದಿ, ಇನ್ನೊಂದು ಕ್ಲಿಕ್ಕಿಗೆ ಮೊದಲ ಸಾಲಿನ ಸುತ್ತ ಚೌಕ ಬರುವ ಹಾಗೆ ಮಾಡಿದೆ, ಹಾಗಾಗಿ ಮೊದಲ ವಿಭಾಗಕ್ಕೆ ಬೇರೆ ಸ್ಲೈಡ್ ಬೇಕಾಗಲಿಲ್ಲ. ಉಳಿದ ಮೂರು ವಿಭಾಗದ ಮುಂದೆ ಒಂದೊಂದು. ಒಟ್ಟು 62. ಅಜೆಂಡಾ ಬೀಳುವುದು 2, 14, 33 ಮತ್ತು 48ನೇ ಸ್ಲೈಡಲ್ಲಿ. ಕೊಳೆರೋಗ ಮುಗಿಯುವುದು ಹೆಚ್ಚುಕಮ್ಮಿ ಅರ್ಧ ಹೊತ್ತಿಗೆ, ಅಲ್ಲಿ ಕಷಾಯ. ಬಿಡುವಿನ ಉದ್ದಕ್ಕೂ 33ನೇ ಸ್ಲೈಡನ್ನೇ ಪರದೆ ಮೇಲೆ ಬಿಟ್ಟೆ. ಲೋಟ ಹಿಡಿದು ಒಳಗೆ ಬಂದವರಿಗೆ ಮುಂದಿನದು ಎಲೆಚುಕ್ಕಿ ಅಂತ ಯಾರೂ ಹೇಳಬೇಕಾಗಲಿಲ್ಲ.

ಕೊಳೆಯ ಸಿಂಪಡಣೆಗೂ ಎಲೆಚುಕ್ಕಿಯ ಸಿಂಪಡಣೆಗೂ ತಲೆಬರಹದ ಬಣ್ಣ ಬೇರೆ ಮಾಡಿದೆ, ಆದರೆ ಬಣ್ಣವನ್ನೇ ನೆಚ್ಚಿಕೊಳ್ಳಲಿಲ್ಲ. ಪ್ರಮಾಣ ಇರುವ ಪ್ರತಿ ಸ್ಲೈಡಿನ ತಲೆಬರಹವೂ ರೋಗದ ಹೆಸರಿಂದಲೇ ಶುರು.

ಆ ನಾಲ್ಕು ನಂಬರನ್ನು ಒಂದು ಚೀಟಿಯಲ್ಲಿ ಬರೆದು ಜೇಬಲ್ಲಿ ಇಟ್ಟುಕೊಂಡಿರುತ್ತೇನೆ. ಸ್ಲೈಡ್ ಶೋ ಓಡುವಾಗ ನಂಬರ್ ಒತ್ತಿ `Enter` ಒತ್ತಿದರೆ ಸೀದಾ ಆ ಸ್ಲೈಡಿಗೆ ಹೋಗುತ್ತದೆ. ಎಲೆಚುಕ್ಕಿಯ ಅರ್ಧದಲ್ಲಿ ಕರೆಂಟ್ ಹೋಗಿ ಕಂಪ್ಯೂಟರ್ ಮತ್ತೆ ಶುರುವಾದಾಗ, ಎಲ್ಲರೆದುರು ಮೂವತ್ತು ಸ್ಲೈಡ್ ಓಡಿಸಿಕೊಂಡು ಹೋಗುವುದಿಲ್ಲ. `F5` ಒತ್ತಿ, 33 ಒತ್ತಿ, `Enter`. ಮೊದಲು ಕಾಣುವುದು ಪಟ್ಟಿ ಮತ್ತು ಚೌಕ, ಅಲ್ಲಿಂದ ಎಲ್ಲರೂ ಒಟ್ಟಿಗೆ ಮುಂದಕ್ಕೆ.